ಹಗಲಿನಲ್ಲಿ ಮೇಲೆರಗುವ ನಿದ್ರೆ

ತಾಳಿಕೋಟೆಯಿಂದ ತಾಯಿಯೊಬ್ಬರು ಬರೆದು ಕೇಳಿರುವರು: “ನನ್ನ ಮಗನಿಗೆ 16 ವರ್ಷ. ರಾತ್ರಿ ಎಂಟು ತಾಸು ಮಲಗುತ್ತಾನೆ. ಆದರೂ ಶಾಲೆಯಲ್ಲಿ, ಊಟದ ತಾಟಿನ ಮುಂದೆ, ಮಾತನಾಡುತ್ತಿರುವಾಗಲೇ ನಿದ್ರೆ ಹೋಗುತ್ತಾನೆ. ಮೊನ್ನೆ ತಂಗಿಯ ಮಾತಿಗೆ ನಕ್ಕವನು ಮೊಣಕಾಲು ಸೋತು ಕುಸಿದನು. ಎಚ್ಚರ ಮಾತ್ರ ತಪ್ಪಲಿಲ್ಲ. ಮನೆಯವರು ಸೋಮಾರಿಯೆನ್ನುವರು, ನೆರೆಯವರು ಮೂರ್ಛೆರೋಗವೆನ್ನುವರು. ಯಾವುದು ನಿಜ?”

ತಾಯೀ, ರೋಗಿಯನ್ನು ಕಾಣದೆ ಪತ್ರದಿಂದಲೇ ರೋಗವನ್ನು ನಿರ್ಣಯಿಸಲಾಗದು. ಆದರೆ ನೀವು ಬರೆದ ಲಕ್ಷಣಗಳು ನಾರ್ಕೊಲೆಪ್ಸಿ ಎಂಬ ನಿದ್ರಾವ್ಯಾಧಿಯನ್ನು ಸೂಚಿಸುತ್ತವೆ. 1880ರಲ್ಲಿ ಇದಕ್ಕೆ ಈ ಹೆಸರಿಟ್ಟ ಫ್ರೆಂಚ್ ವೈದ್ಯ ಝೆಲಿನೋ ಕಂಡ ರೋಗಿಯು 38 ವರ್ಷದ ಒಬ್ಬ ವರ್ತಕ. ಆತನೂ ಊಟದ ನಡುವೆ ನಿದ್ರೆ ಹೋಗುತ್ತಿದ್ದನು. ನಕ್ಕರೆ ಕಾಲು ಸೋಲುತ್ತಿದ್ದನು.

ಸಾಮಾನ್ಯ ದಣಿವಿಗೆ ಕಾರಣವು ಕಣ್ಣಿಗೆ ಕಾಣುವಂತಹುದು: ಹೊಲದ ಬಿಸಿಲು, ಮದುವೆಮನೆಯ ಜಾಗರಣೆ. ಒಂದೆರಡು ರಾತ್ರಿ ಚೆನ್ನಾಗಿ ಮಲಗಿದರೆ ಅದು ನೀಗುವುದು. ಈ ವ್ಯಾಧಿಯಲ್ಲಾದರೋ ರಾತ್ರಿ ಮಲಗಿದರೂ ಹಗಲಿನ ನಿದ್ರೆ ಬಿಡದು. ಹದಿನೈದಿಪ್ಪತ್ತು ನಿಮಿಷ ಮಲಗಿ ಎದ್ದರೆ ಮನಸ್ಸು ತಿಳಿಯಾಗುವುದು. ಕೆಲವು ತಾಸುಗಳಲ್ಲಿ ಮತ್ತೆ ಅದೇ ಮಂಪರು.

ಮಿದುಳಿನ ಬುಡದಲ್ಲಿ ಎಚ್ಚರವನ್ನು ಕಾಯ್ದುಕೊಳ್ಳುವ ಒರೆಕ್ಸಿನ್ ಎಂಬ ದ್ರವ್ಯವನ್ನು ಉಂಟುಮಾಡುವ ಜೀವಕೋಶಗಳಿವೆ. ಈ ದ್ರವ್ಯವು 1998ರಲ್ಲಿ ಗೊತ್ತಾಯಿತು. ನಗುವಾಗ ಮೈ ಸೋಲುವ ರೋಗಿಗಳಲ್ಲಿ ಆ ಕೋಶಗಳೇ ಬಹುಮಟ್ಟಿಗೆ ನಶಿಸಿರುವುವು. ಆರೋಗ್ಯವಂತರಿಗೆ ಕನಸಿನ ನಿದ್ರೆಯು ಮಲಗಿದ ಸುಮಾರು ಒಂದೂವರೆ ತಾಸಿನ ಮೇಲೆ ಬರುವುದು, ಆಗ ಕೈಕಾಲು ಸಡಿಲವಾಗಿರುವುವು. ಇವರಿಗೆ ಆ ಸ್ಥಿತಿಯು ಎಚ್ಚರದೊಳಕ್ಕೇ ನುಗ್ಗುವುದು. ಆದುದರಿಂದಲೇ ನಗುವಾಗ ಮೊಣಕಾಲು ಸಡಿಲುವುದು. ಕಣ್ಣು ಮುಚ್ಚುವ ಹೊತ್ತಿಗೆ ಯಾರೋ ಬಳಿಯಲ್ಲಿ ನಿಂತಂತೆ ತೋರುವುದು. ಎಚ್ಚರಾದರೂ ಕ್ಷಣಕಾಲ ಮೈ ಅಲುಗಿಸಲಾಗದು. ಇದನ್ನು ಗಾಳಿಯ ಚೇಷ್ಟೆಯೆಂದು ಎಣಿಸಬಾರದು. ಎಚ್ಚರ ತಪ್ಪದೆ, ನಗುವಿನ ಬೆನ್ನಲ್ಲೇ ಕುಸಿಯುವುದರಿಂದ ಇದು ಮೂರ್ಛೆರೋಗಕ್ಕಿಂತ ಬೇರೆಯೆಂದು ಊಹಿಸಬಹುದು.

ಈಗ ಮಾಡಬೇಕಾದುದಿಷ್ಟು. ಎರಡು ವಾರ ಮಗನು ಮಲಗಿದ, ಎದ್ದ, ಹಗಲಿನಲ್ಲಿ ನಿದ್ರಿಸಿದ ಹೊತ್ತುಗಳನ್ನು ಬರೆದಿಡಿರಿ. ರಕ್ತಹೀನತೆ, ಥೈರಾಯ್ಡ್ ದೋಷ, ಗೊರಕೆಯ ನಡುವೆ ಉಸಿರು ನಿಲ್ಲುವುದು, ಇವೂ ಹಗಲಿನಲ್ಲಿ ನಿದ್ರೆಯನ್ನು ತರುವುದರಿಂದ ಮೊದಲು ವೈದ್ಯರಿಂದ ಅವನ್ನು ಪರೀಕ್ಷಿಸಿರಿ. ಆಮೇಲೆ ನಿದ್ರೆಯನ್ನು ಅಳೆಯುವ ಪ್ರಯೋಗಾಲಯವುಳ್ಳ ನರರೋಗದ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂತಹುದುಂಟು. ಅಲ್ಲಿ ಒಂದು ರಾತ್ರಿ ಮಲಗಿಸಿ, ಮರುದಿನ ಎರಡೆರಡು ತಾಸಿಗೊಮ್ಮೆ ನಾಲ್ಕೈದು ಬಾರಿ ಮಲಗಲು ಹೇಳುವರು. ಸರಾಸರಿ 8 ನಿಮಿಷದೊಳಗೆ ನಿದ್ರೆ ಹತ್ತಿ, ಎರಡು ಬಾರಿಯಾದರೂ 15 ನಿಮಿಷದೊಳಗೆ ಕನಸಿನ ನಿದ್ರೆ ಬಂದರೆ ಸಂಶಯವು ಬಲಗೊಳ್ಳುವುದು.

ರೋಗವು ಬುಡಸಹಿತ ಹೋಗದು. ಆದರೆ ಎಚ್ಚರವನ್ನು ಕಾಯುವ ಔಷಧಿಗಳೂ ಕುಸಿತವನ್ನು ತಡೆಯುವ ಔಷಧಿಗಳೂ ಉಂಟು. ಅವನ್ನು ವೈದ್ಯರ ಅಪ್ಪಣೆಯಿಲ್ಲದೆ ಕೊಡಬಾರದು. ಮಧ್ಯಾಹ್ನ ಗೊತ್ತಾದ ಹೊತ್ತಿಗೆ ಇಪ್ಪತ್ತು ನಿಮಿಷ ಮಲಗಲು ಶಾಲೆಯ ಗುರುಗಳ ಒಪ್ಪಿಗೆ ಪಡೆಯಿರಿ. ಅಲ್ಲಿಯವರೆಗೆ ಅವನು ವಾಹನ ನಡೆಸಬಾರದು, ಒಬ್ಬನೇ ಬಾವಿಗಿಳಿದು ಈಜಬಾರದು. ಮನೆಯವರು ಅವನನ್ನು ಸೋಮಾರಿಯೆಂದು ಜರೆಯುವುದನ್ನು ಇಂದೇ ನಿಲ್ಲಿಸಲಿ.