‘ಸಾಕಷ್ಟು ಬೆಳಕು’ ಎಂದರೆ ಎಷ್ಟು?

ಊರೊಂದರ ಬೀದಿದೀಪಗಳ ಟೆಂಡರಿನ ತಾಂತ್ರಿಕ ಷರತ್ತುಗಳನ್ನು ಪರಿಶೀಲಿಸುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಮುಖ್ಯ ಷರತ್ತು ಹೀಗಿತ್ತು: ‘ಉತ್ತಮ ಗುಣಮಟ್ಟದ 45 ವಾಟ್ ಎಲ್‌ಇಡಿ ಅಥವಾ ತತ್ಸಮಾನ ದೀಪ ಅಳವಡಿಸಿ ರಸ್ತೆಗೆ ಸಾಕಷ್ಟು ಬೆಳಕು ಒದಗಿಸತಕ್ಕದ್ದು, ಕೆಟ್ಟ ದೀಪವನ್ನು 48 ಗಂಟೆಯೊಳಗೆ ಬದಲಿಸತಕ್ಕದ್ದು.’

ಓದಲು ಸರಳ. ಆದರೆ ಬಿಡ್‌ಪೂರ್ವ ಸಭೆಯಲ್ಲಿ ಒಬ್ಬ ಗುತ್ತಿಗೆದಾರರು 45 ವಾಟ್ ಎಂಬುದು ಎಲ್‌ಇಡಿಗಷ್ಟೇ ಅನ್ವಯಿಸುತ್ತದೆ ಎಂದರು. ಇನ್ನೊಬ್ಬರು ಡ್ರೈವರ್ ಬಳಸುವ ವಿದ್ಯುತ್ತನ್ನೂ ಸೇರಿಸಿದ್ದರು. ಮತ್ತೊಬ್ಬರ ಪ್ರಕಾರ ಅವರ 30 ವಾಟ್ ದೀಪವೇ ‘ತತ್ಸಮಾನ’. ಬೆಳಕು ಅಷ್ಟೇ ಬರುತ್ತದಲ್ಲ! ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಈ ಮೂವರ ದರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ವಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ರಸ್ತೆಗೆ ಬೀಳುವ ಬೆಳಕಿನದಲ್ಲ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಸಾಕಷ್ಟು ವಾಹನ ಸಂಚಾರವಿರುವ ಎರಡನೇ ದರ್ಜೆಯ ರಸ್ತೆಗೆ ಭಾರತೀಯ ಮಾನಕ ಐಎಸ್ 1944 ಸರಾಸರಿ 8 ಲಕ್ಸ್ ಸೂಚಿಸುತ್ತದೆ. ಸರಾಸರಿಯೊಂದನ್ನೇ ಬರೆದರೆ ಮತ್ತೆ ಮೋಸಕ್ಕೆ ಎಡೆ: ಕಂಬದ ಬುಡದಲ್ಲಿ 20 ಲಕ್ಸ್ ಚೆಲ್ಲಿ ಎರಡು ಕಂಬಗಳ ನಡುವೆ ಕತ್ತಲೆ ಬಿಟ್ಟರೂ ಲೆಕ್ಕ ಸರಿಹೋಗಬಹುದು. ಆದ್ದರಿಂದಲೇ ಅತಿ ಮಂದ ಬೆಳಕಿನ ಜಾಗದಲ್ಲೂ ಸರಾಸರಿಯ ಶೇ 30ರಷ್ಟು, ಅಂದರೆ 2.4 ಲಕ್ಸ್ ಇರಬೇಕು ಎಂಬ ನಿಯಮ.

ಷರತ್ತನ್ನು ಹೀಗೆ ತಿದ್ದಿದೆವು: ‘ಎರಡು ಕಂಬಗಳ ನಡುವಿನ ರಸ್ತೆಯ ಮೇಲೆ ಸರಾಸರಿ 8 ಲಕ್ಸ್, ಯಾವುದೇ ಅಳತೆ ಬಿಂದುವಿನಲ್ಲಿ 2.4 ಲಕ್ಸ್‌ಗೆ ಕಡಿಮೆ ಇಲ್ಲದಂತೆ, ಹಸ್ತಾಂತರದ ದಿನವೂ ಐದನೇ ವರ್ಷದ ಕೊನೆಯಲ್ಲೂ ಇರತಕ್ಕದ್ದು. ಡ್ರೈವರ್ ಸೇರಿ ದೀಪದ ಒಟ್ಟು ಬಳಕೆ 45 ವಾಟ್ ಮೀರಕೂಡದು.’ ಐದನೇ ವರ್ಷದ ಮಾತು ಮುಖ್ಯ. ಧೂಳು ಕೂತು, ಎಲ್‌ಇಡಿ ಹಳತಾಗಿ ಬೆಳಕು ಕುಂದಿಯೇ ಕುಂದುತ್ತದೆ. ಅಳೆಯುವ ಕ್ರಮವನ್ನೂ ಬರೆದೆವು: ಬೆಳದಿಂಗಳಿಲ್ಲದ ರಾತ್ರಿ, ಅಂಗಡಿಗಳ ದೀಪ ಆರಿದ ಮೇಲೆ, ನಕ್ಷೆಯಲ್ಲಿ ಗುರುತಿಸಿದ ಬಿಂದುಗಳಲ್ಲಿ, ಒಂದು ವರ್ಷದೊಳಗೆ ಪರೀಕ್ಷೆಗೊಳಪಟ್ಟ ಲಕ್ಸ್ ಮೀಟರ್ ನೆಲದ ಮೇಲಿಟ್ಟು.

48 ಗಂಟೆ ಯಾವಾಗಿನಿಂದ? ನೌಕರರು ನೋಡಿದಾಗಿನಿಂದಲೋ, ನಾಗರಿಕರು ದೂರಿದಾಗಿನಿಂದಲೋ? ‘ದೂರು ದಾಖಲಾದ ಕ್ಷಣದಿಂದ, ರಜಾದಿನಗಳೂ ಸೇರಿ’ ಎಂದು ಸೇರಿಸಿದ ಮೇಲೆ ಆ ವಾದ ನಿಂತಿತು.

ನಮ್ಮದೇ ತಪ್ಪೊಂದು ಉಳಿದಿತ್ತು. ಹೊಸ ಷರತ್ತು ಓದಿದ ಗುತ್ತಿಗೆದಾರರೊಬ್ಬರು, ‘ಸರ್, ಕಂಬಗಳ ಎತ್ತರವೆಷ್ಟು, ಅಂತರವೆಷ್ಟು?’ ಎಂದರು. ಕಡತದಲ್ಲಿ ಅದಿರಲೇ ಇಲ್ಲ. ಗಿಡ್ಡ ಕಂಬಗಳು ದೂರದೂರವಿದ್ದರೆ ಯಾವ ದೀಪವೂ ನಡುವೆ 2.4 ಲಕ್ಸ್ ಕೊಡಲಾರದು. ಅಂಥ ಷರತ್ತಿಗೆ ಸಹಿ ಹಾಕಿದವರು ನಾಳೆ ವ್ಯಾಜ್ಯಕ್ಕೆ ನಿಲ್ಲುವುದು ಖಂಡಿತ. ಕಂಬಗಳನ್ನು ಒಂದೊಂದಾಗಿ ಅಳೆಸಿ ಪಟ್ಟಿಯನ್ನು ಟೆಂಡರಿಗೆ ಲಗತ್ತಿಸಿದೆವು; ಅಂತರ ಅತಿಯಾದಲ್ಲಿ ಹೊಸ ಕಂಬಕ್ಕೆ ಪ್ರತ್ಯೇಕ ದರ ಕೇಳಿದೆವು. ದೀಪಕ್ಕೆ ಅಡ್ಡ ಬರುವ ಮರದ ಕೊಂಬೆಗಳನ್ನು ಅಳತೆಗೆ ಮುನ್ನ ಕತ್ತರಿಸುವ ಹೊಣೆ ಸ್ಥಳೀಯ ಸಂಸ್ಥೆಯದೆಂದು ಬರೆಯುವುದಕ್ಕೆ ಮಾತ್ರ ಮತ್ತೆ ಎರಡು ಸಭೆಗಳು ಬೇಕಾದವು.