ತಂದೆಯ ವಸಿಯ್ಯತ್‌ನಲ್ಲಿ ಮಗಳ ಒಂದು ಎಕರೆ



ಖಾನಾಪುರ ಕಡೆಯ ಹಿರಿಯರೊಬ್ಬರು ಬೇಸಾಯ ಬಿಟ್ಟು ಈಗ ಬೆಳಗಾವಿ ಕೋಟೆಯ ಹತ್ತಿರ ದೊಡ್ಡ ಮಗನ ಮನೆಯಲ್ಲಿದ್ದಾರೆ. ತಂದೆ, ತಾಯಿ, ಪತ್ನಿ ಯಾರೂ ಇಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಜಮೀನು 5 ಎಕರೆ 10 ಗುಂಟೆ. ತಾವು ಬರೆದ ವಸಿಯ್ಯತ್ ತಂದು, "ಓದಿ ನೋಡ್ರಿ, ತಪ್ಪಿದ್ರ ಹೇಳ್ರಿ" ಎಂದರು. ಅದರ ಕಲಮುಗಳನ್ನು ಒಂದೊಂದಾಗಿ ನೋಡೋಣ.

ಒಂದನೆಯದು: "ನನ್ನ ಕಫನ್ ದಫನ್ ಖರ್ಚು ಮತ್ತು ಸೊಸೈಟಿಯ ಬೆಳೆಸಾಲ ಮೊದಲು ತೀರಬೇಕು." ಇದು ಸರಿ. ಸಾಲ ತೀರಿದ ಮೇಲೆ ಉಳಿದದ್ದಷ್ಟೇ ವಾರಿಸುದಾರರದ್ದು.

ಎರಡನೆಯದು: "10 ಗುಂಟೆ ನನ್ನ ವಿಧವೆ ತಂಗಿಗೆ." ಇದೂ ಸರಿ. ಗಂಡುಮಕ್ಕಳಿರುವಾಗ ತಂಗಿಗೆ ವಾರಸಿನಲ್ಲಿ ಪಾಲಿಲ್ಲ. ಆದ್ದರಿಂದ ಅವಳಿಗೆ ವಸಿಯ್ಯತ್ ಮಾಡಬಹುದು. ಆದರೆ ಇಂಥದ್ದೆಲ್ಲ ಸೇರಿ ಮೂರನೇ ಒಂದು ಪಾಲನ್ನು ಮೀರಬಾರದು. ಇಲ್ಲಿ ಆ ಮಿತಿ 70 ಗುಂಟೆ.

ಮೂರನೆಯದು: "ಉಳಿದ 5 ಎಕರೆ ಗಂಡುಮಕ್ಕಳಿಗೆ ಸಮನಾಗಿ. ಮಗಳಿಗೆ ಮದುವೆಯಲ್ಲಿ ಕೊಟ್ಟಾಗಿದೆ." ನಾನು ತಡೆದದ್ದು ಇಲ್ಲಿ. ವಾರಿಸುದಾರರಿಗೆ ವಸಿಯ್ಯತ್ ಇಲ್ಲವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಅವರ ಪಾಲನ್ನು ಅಲ್ಲಾಹನೇ ಸೂರಃ ಅನ್ನಿಸಾದ 11ನೇ ಸೂಕ್ತದಲ್ಲಿ ನಿಗದಿಪಡಿಸಿದ್ದಾನೆ. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಐದು ಎಕರೆಯನ್ನು ಐದು ಪಾಲು ಮಾಡಿದರೆ ಗಂಡುಮಕ್ಕಳಿಗೆ ಎರಡೆರಡು ಎಕರೆ, ಮಗಳಿಗೆ ಒಂದು ಎಕರೆ. ಮದುವೆಯ ಖರ್ಚು ಈ ಪಾಲಿಗೆ ವಜಾ ಆಗುವುದಿಲ್ಲ.

"ಮಗಳು ಒಪ್ಪಿ ಸಹಿ ಹಾಕ್ಯಾಳಲ್ಲ" ಎಂದರು. ಹನಫೀ ಮಝ್‌ಹಬ್‌ನಲ್ಲಿ ಆ ಒಪ್ಪಿಗೆಗೆ ಬೆಲೆ ಬರುವುದು ತಂದೆಯ ಮರಣದ ನಂತರ ಕೊಟ್ಟರೆ ಮಾತ್ರ. ಮೊದಲೇ ಹಾಕಿಸಿಕೊಂಡ ಸಹಿ ಅವಳನ್ನು ಕಟ್ಟಿಹಾಕುವುದಿಲ್ಲ.

ನಾಲ್ಕನೆಯದು: "ಬಾವಿಯ ಹೊಲ ದೊಡ್ಡವನಿಗೆ." ಇದಕ್ಕೂ ಉಳಿದವರ ಒಪ್ಪಿಗೆ ಬೇಕು. ನೀರಿರುವ ಗದ್ದೆಯ ಎಕರೆಯೂ ಕಲ್ಲುನೆಲದ ಎಕರೆಯೂ ಒಂದೇ ಅಲ್ಲ. ಆದ್ದರಿಂದ ಬೆಲೆ ನೋಡಿ ಸರಿತೂಗಿಸಬೇಕು. ಮಗಳ ಪಾಲಿಗೆ ಬಾವಿಯ ನೀರು ಮತ್ತು ದಾರಿಯ ಹಕ್ಕನ್ನೂ ಬರೆಯಬೇಕು.

ಐದನೆಯದು ಸಾಕ್ಷಿಗಳ ಸಹಿ. ಮುಸ್ಲಿಮರ ವಸಿಯ್ಯತ್‌ಗೆ ನೋಂದಣಿ ಕಡ್ಡಾಯವಲ್ಲ. ಆದರೂ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಜಗಳ ಕಡಿಮೆ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನು ಕೇಳಿ, ಮೂರನೇ ಕಲಮು ಹೊಡೆದು, "ಉಳಿದದ್ದು ಶರೀಅತ್ ಪ್ರಕಾರ 2, 2, 1 ಎಕರೆ" ಎಂದು ಬರೆದರು.

ಸಹೋದರಿಯರೇ, ವಸಿಯ್ಯತ್ ಸರಿಯಿದ್ದರೂ ಹಕ್ಕು ತಪ್ಪುವ ಜಾಗ ಇನ್ನೊಂದಿದೆ. ತಂದೆ ತೀರಿದ ಮೇಲೆ ವಾರಸಾ ಹಚ್ಚುವಾಗ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುತ್ತಾರೆ. ಆಗ ಉತಾರಾದಲ್ಲಿಯೂ ಅವರ ಹೆಸರು ಬರುವುದಿಲ್ಲ. ವಂಶಾವಳಿಯನ್ನು ನೀವೇ ಓದಿ. ಹೆಸರಿಲ್ಲದಿದ್ದರೆ ತಹಶೀಲ್ದಾರ ಕಚೇರಿಗೆ ಬರಹದಲ್ಲಿ ತಕರಾರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.