ಏನೂ ಕೊಳ್ಳದಿದ್ದರೂ ಏರುವ ಬೀಟಾ

ನಮ್ಮಲ್ಲಿ ಸುಮಾರು ಜನರಿಗೆ ಈಗ ಡಿಮ್ಯಾಟ್ ಖಾತೆ ಇದೆ. ಷೇರಿನ ಬೆಲೆ ಇಳಿದರೆ ಮೊಬೈಲಿಗೆ ಅಲರ್ಟ್ ಬರೋ ಹಾಗೆ ಇಟ್ಟುಕೊಂಡಿರ್ತೀವಿ. ಆದರೆ ಇಳಿದ ಮೇಲೆ ಬರೋದು ನಷ್ಟದ ಸುದ್ದಿ, ಎಚ್ಚರಿಕೆಯಲ್ಲ. ಅಲರ್ಟ್ ಇಡಬೇಕಾದ್ದು ಇಡೀ ಪೋರ್ಟ್‌ಫೋಲಿಯೋದ ಬೀಟಾಗೆ ಅನ್ನೋದು ನಮ್ಮ ವಾದ. ನಿಫ್ಟಿ 50 ಶೇ. 1ರಷ್ಟು ಕದಲಿದಾಗ ನಮ್ಮ ಹಣ ಸರಾಸರಿ ಶೇ. ಎಷ್ಟು ಕದಲುತ್ತೆ ಅನ್ನೋದೇ ಬೀಟಾ.

ಒಂದು ಲೆಕ್ಕ ನೋಡೋಣ. ಸೋಪು-ಬಿಸ್ಕತ್ತು ಕಂಪನಿಯ ಷೇರು 50,000 ರೂ. (ಬೀಟಾ 0.6), ಲೋಹದ ಕಂಪನಿಯ ಷೇರು 30,000 ರೂ. (ಬೀಟಾ 1.5), ನಗದು 20,000 ರೂ. (ಬೀಟಾ 0). ಹಣದ ಪಾಲಿನಂತೆ ಸರಾಸರಿ ತೆಗೆದರೆ 0.75. ವರ್ಷದಲ್ಲಿ ಲೋಹದ ಷೇರು ದುಪ್ಪಟ್ಟಾಯ್ತು, ಉಳಿದದ್ದು ಹಾಗೇ ಇದೆ ಅಂದುಕೊಳ್ಳಿ. ನಾವು ಏನೂ ಕೊಳ್ಳದಿದ್ದರೂ ಬೀಟಾ 0.92. ಖುಷಿಯಲ್ಲಿ ನಗದನ್ನೂ ಅದಕ್ಕೇ ಹಾಕಿದರೆ 1.15. ಮೊದಲು ನಿಫ್ಟಿ ಶೇ. 10 ಬಿದ್ದಿದ್ದರೆ ಹೋಗುತ್ತಿದ್ದದ್ದು ಸುಮಾರು 7,500 ರೂ.; ಈಗ 15,000 ರೂ.

ಇದನ್ನು ಪ್ರೋಗ್ರಾಂ ಮಾಡುವಾಗ ಸಾಮಾನ್ಯವಾಗಿ ಖಾತೆಯ ಹಿಂದಿನ ಒಂದು ವರ್ಷದ ಮೌಲ್ಯ ತಗೊಂಡು ನಿಫ್ಟಿ ಜೊತೆ ಹೋಲಿಸ್ತಾರೆ. ಅದು ತಪ್ಪು ದಾರಿ. ಅಲ್ಲಿ ಸಿಗೋದು ಹೋದ ವರ್ಷದ ಪಾಲುಗಳ ಬೀಟಾ. ಜೊತೆಗೆ ನಾವು ಹೊಸದಾಗಿ ಹಾಕಿದ ದುಡ್ಡೂ ಲಾಭದ ಥರ ಕಾಣುತ್ತೆ. ಇವತ್ತಿನ ಪಾಲುಗಳನ್ನೇ ಹಿಂದಿನ 250 ದಿನಗಳ ಏರಿಳಿತಕ್ಕೆ ಹಚ್ಚಬೇಕು:

```python
w = value / value.sum()
p = ret[w.index] @ w
beta = p.cov(nifty) / nifty.var()
```

`value` ಇವತ್ತಿನ ಮೌಲ್ಯ, `ret` ಪ್ರತಿ ಷೇರಿನ ದಿನದ ಏರಿಳಿತ, `nifty` ಸೂಚ್ಯಂಕದ್ದು. ನಗದಿಗೂ ಒಂದು ಕಾಲಂ ಬೇಕು, ಅದರ ತುಂಬ ಸೊನ್ನೆ. ಬೋನಸ್, ಸ್ಪ್ಲಿಟ್‌ಗೆ ಸರಿಹೊಂದಿಸಿದ ಬೆಲೆಗಳನ್ನೇ ಬಳಸಿ. ಒಂದೇ ದಿನ ಶೇ. 50 ಕುಸಿತ ಕಂಡರೆ ಮೊದಲು ಅನುಮಾನಿಸಬೇಕಾದ್ದು ಡೇಟಾವನ್ನು.

ಬೀಟಾ ಒಂದು ಅಂದಾಜು, ದಿನಾ ಸ್ವಲ್ಪ ಅಲುಗಾಡುತ್ತೆ. 1.1 ಅನ್ನೋ ಒಂದೇ ಗೆರೆ ಇಟ್ಟರೆ ಇವತ್ತು 1.11, ನಾಳೆ 1.09, ನಾಡಿದ್ದು ಮತ್ತೆ 1.11 ಅಂತ ಅಲರ್ಟ್ ಬಡಿದುಕೊಳ್ಳುತ್ತೆ. ವಾರದೊಳಗೆ ಅದನ್ನ ಮ್ಯೂಟ್ ಮಾಡಿಬಿಡ್ತೀವಿ. ಹಾಗಾಗಿ ಎರಡು ಗೆರೆ ಬೇಕು: 1.1 ದಾಟಿದಾಗ ಒಮ್ಮೆ ಕೂಗಲಿ, 1.0ಗಿಂತ ಕೆಳಗೆ ಬಂದು ಮತ್ತೆ ಏರುವ ತನಕ ಸುಮ್ಮನಿರಲಿ.

ಕೂಗಿದಾಗ ಎಷ್ಟು ಮಾರಬೇಕು ಅನ್ನೋದೂ ಲೆಕ್ಕದಲ್ಲೇ ಇದೆ. ಮೇಲಿನ ಉದಾಹರಣೆಯಲ್ಲಿ ಸುಮಾರು 13,300 ರೂ. ಲೋಹದ ಷೇರು ಮಾರಿ ನಗದಾಗಿಟ್ಟರೆ ಬೀಟಾ 1.0ಕ್ಕೆ ಇಳಿಯುತ್ತೆ.

ಆದರೆ ಒಂದೇ ಕಂಪನಿ ಮುಳುಗಿದರೆ ಈ ಅಲರ್ಟ್ ಬಾಯಿ ಬಿಡಲ್ಲ. ಅದು ಕಾಯೋದು ಮಾರುಕಟ್ಟೆಯ ಅಪಾಯ ಮಾತ್ರ. ಮಾರುಕಟ್ಟೆ ಏರುವಾಗ ನಾವು ಲೆಕ್ಕ ಹಾಕದೇ ಬಿಡೋದೂ ಅದನ್ನೇ.